ಮೂತ್ರಪಿಂಡ ಕಸಿ: ರಾಮನಗರ ಸೀಮೆಯ ರೋಗಿ ತಿಳಿದಿರಬೇಕಾದದ್ದು

ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ರೋಗಿಗೆ ಇನ್ನೊಬ್ಬರ ಆರೋಗ್ಯವಂತ ಮೂತ್ರಪಿಂಡವೊಂದನ್ನು ಜೋಡಿಸುವ ಶಸ್ತ್ರಚಿಕಿತ್ಸೆಗೆ ಮೂತ್ರಪಿಂಡ ಕಸಿ ಅಥವಾ ಕಿಡ್ನಿ ಕಸಿ ಎನ್ನುತ್ತಾರೆ. ಬದುಕಲು ಒಂದು ಕಿಡ್ನಿ ಸಾಕು. ಹಾಗಾಗಿಯೇ ಬದುಕಿರುವವರೂ ಒಂದನ್ನು ಕೊಡಬಹುದು, ಪಡೆದವರೂ ಅದೊಂದರಲ್ಲೇ ಬಾಳಬಹುದು. ಕಸಿಯಿಂದ ಕಾಯಿಲೆ ವಾಸಿಯಾಗಿಬಿಟ್ಟಿತು ಎಂದುಕೊಳ್ಳುವುದು ಮಾತ್ರ ತಪ್ಪು. ಡಯಾಲಿಸಿಸ್ ಯಂತ್ರದ ಹಂಗು ತಪ್ಪುತ್ತದೆ, ಅದರ ಜಾಗಕ್ಕೆ ದಿನಕ್ಕೆ ಎರಡು ಹೊತ್ತಿನ ಮಾತ್ರೆ ಬರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಡಯಾಲಿಸಿಸ್ ಈಗ ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಿಗುತ್ತದೆ. ಕಸಿಗೆ ಮಾತ್ರ ಬೆಂಗಳೂರಿಗೇ ಹೋಗಬೇಕು. ಅಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರಿ ವಲಯದ ಮುಖ್ಯ ಕೇಂದ್ರ; ಇದಲ್ಲದೆ ಹಲವು ಖಾಸಗಿ ಆಸ್ಪತ್ರೆಗಳಿವೆ. ಆಪರೇಷನ್ನು ಬೆಂಗಳೂರಿನಲ್ಲಿ ಆಗುತ್ತದೆ, ಆಮೇಲಿನ ಹತ್ತಿಪ್ಪತ್ತು ವರ್ಷದ ಬಾಳು ಊರಿನಲ್ಲಿ. ಜ್ವರ ಬಂದಾಗ ಮೊದಲು ನೋಡುವವರು ಕಸಿ ಮಾಡಿದ ತಜ್ಞರಲ್ಲ, ಬೀದಿಯ ಕೊನೆಯ ಕ್ಲಿನಿಕ್ಕಿನ ವೈದ್ಯರು. ಕಸಿ ಕಿಡ್ನಿಗೆ ಒದಗುವ ಅನೇಕ ಅಪಾಯಗಳು ಹುಟ್ಟುವುದು ಈ ಅಂತರದಲ್ಲೇ.

ಯಾರಿಗೆ, ಹೇಗೆ

ಕಿಡ್ನಿಯ ಸೋಸುವ ಶಕ್ತಿ ಸಹಜ ಪ್ರಮಾಣದ ಶೇ 15ಕ್ಕಿಂತ ಕೆಳಗಿಳಿದರೆ ಅದನ್ನು ಕೊನೆಯ ಹಂತದ ವೈಫಲ್ಯ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದಕ್ಕೆ ದೊಡ್ಡ ಕಾರಣಗಳು. ದಾನಿ ಸಿದ್ಧವಿದ್ದರೆ ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಮಾಡಬಹುದು, ಫಲವೂ ಚೆನ್ನಾಗಿರುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರು ಕಾಲು ಊದಿಕೊಂಡು, ಉಸಿರು ಕಟ್ಟಿದ ಮೇಲೆಯೇ ಆಸ್ಪತ್ರೆ ಮೆಟ್ಟಿಲು ಹತ್ತುವುದು. ವಾಸಿಯಾಗದ ಸೋಂಕು, ಹೊಸದಾಗಿ ಕಂಡ ಕ್ಯಾನ್ಸರ್, ತೀರಾ ಕೆಟ್ಟ ಹೃದಯ ಇರುವವರಿಗೆ ಕಸಿ ಮಾಡುವುದಿಲ್ಲ. ಕ್ಷಯ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು.

ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅವು ಬೆನ್ನಿನ ಕಡೆ ಇದ್ದಲ್ಲೇ ಸುಕ್ಕುಗಟ್ಟುತ್ತವೆ. ಹೊಸ ಕಿಡ್ನಿಯನ್ನು ಹೊಟ್ಟೆಯ ಕೆಳಭಾಗದಲ್ಲಿ, ಹೆಚ್ಚಾಗಿ ಬಲ ತೊಡೆಸಂದಿಯ ಮೇಲ್ಗಡೆ ಕೂರಿಸಿ, ಅದರ ರಕ್ತನಾಳಗಳನ್ನು ಕಾಲಿಗೆ ಹೋಗುವ ದೊಡ್ಡ ನಾಳಗಳಿಗೆ ಹೊಲಿಯುತ್ತಾರೆ. ಮೂತ್ರನಾಳವನ್ನು ಮೂತ್ರಕೋಶಕ್ಕೆ ಜೋಡಿಸಿ ಒಳಗೆ ಸ್ಟೆಂಟ್ ಇಡುತ್ತಾರೆ; ಕೆಲವು ವಾರಗಳಾದ ಮೇಲೆ ಅದನ್ನು ತೆಗೆಸಬೇಕು. ಮರೆತುಬಿಟ್ಟರೆ ಸೋಂಕಿಗೆ, ಕಲ್ಲಿಗೆ ದಾರಿ. ಎಲ್ಲ ಸೇರಿ ಮೂರು ನಾಲ್ಕು ಗಂಟೆಯ ಕೆಲಸ. ಬದುಕಿರುವ ದಾನಿಯ ಕಿಡ್ನಿಯಾದರೆ ರಕ್ತ ಹರಿಯಬಿಟ್ಟ ಕೆಲವೇ ನಿಮಿಷಗಳಲ್ಲಿ, ಆಪರೇಷನ್ ಟೇಬಲ್ಲಿನ ಮೇಲೆಯೇ ಮೂತ್ರ ಬರತೊಡಗುತ್ತದೆ. ಮೃತ ದಾನಿಯದಾದರೆ ಅದು ಚೇತರಿಸಿಕೊಳ್ಳಲು ಕೆಲವೊಮ್ಮೆ ದಿನಗಳೇ ಹಿಡಿದು, ಅಷ್ಟು ಕಾಲ ಡಯಾಲಿಸಿಸ್ ಮುಂದುವರಿಸಬೇಕಾಗುತ್ತದೆ.

ಈ ಹೊಲಿಗೆಯ ಕೌಶಲ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಶಸ್ತ್ರವೈದ್ಯರಿಗೆ ಗೊತ್ತಿತ್ತು. ತಡೆಯಾಗಿದ್ದದ್ದು ದೇಹದ ವಿರೋಧ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿ ನಡೆಸಿದ ಮೊದಲ ಯಶಸ್ವಿ ಕಸಿ ಅಚ್ಚು ಒಂದೇ ತೆರನ ಅವಳಿ ಸೋದರರ ನಡುವಿನದು. ಅಲ್ಲಿ ವಿರೋಧದ ಪ್ರಶ್ನೆಯೇ ಇರಲಿಲ್ಲ. ಭಾರತದಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ನಡೆಯಿತು. ಅವಳಿಗಳಲ್ಲದವರ ನಡುವೆಯೂ ಕಸಿ ನಿಲ್ಲುವಂತಾದದ್ದು ಔಷಧಗಳಿಂದ.

ದಾನಿ ಯಾರಾಗಬಹುದು

ಮಾನವ ಅಂಗಾಂಗ ಕಸಿ ಕಾಯ್ದೆ 1994ರದು. 2011ರಲ್ಲಿ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಇದರ ಪ್ರಕಾರ ಹತ್ತಿರದ ಸಂಬಂಧಿ ಎಂದರೆ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಅಜ್ಜ ಅಜ್ಜಿ, ಮೊಮ್ಮಕ್ಕಳು. ಚಿಕ್ಕಪ್ಪ, ಸೋದರಮಾವ, ಅತ್ತೆಯ ಮಗ ಈ ಪಟ್ಟಿಯಲ್ಲಿಲ್ಲ. ಅವರು ಪ್ರೀತಿಯಿಂದ ಕೊಡಲು ಮುಂದೆ ಬಂದರೂ ಅಧಿಕೃತ ಸಮಿತಿಯ ಎದುರು ಹಾಜರಾಗಿ, ಹಣದ ವ್ಯವಹಾರ ಇಲ್ಲವೆಂದು ಮನವರಿಕೆ ಮಾಡಿಕೊಡಬೇಕು. ದಂಪತಿಯಾದರೆ ಮದುವೆಯ ಪ್ರಮಾಣಪತ್ರ, ಮದುವೆಯ ಫೋಟೊ, ಮಕ್ಕಳ ಜನನ ಪ್ರಮಾಣಪತ್ರ ಮುಂತಾದವನ್ನು ಕೇಳುತ್ತಾರೆ. ಊರ ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದ ದಂಪತಿಗಳಿಗೆ ಎಷ್ಟೋ ವೇಳೆ ರಕ್ತಪರೀಕ್ಷೆಗಿಂತ ಈ ಕಾಗದಪತ್ರಗಳೇ ತಡವಾಗುತ್ತವೆ. ಡಯಾಲಿಸಿಸ್ ಶುರುವಾದ ತಿಂಗಳಲ್ಲೇ ಅವನ್ನು ಹೊಂದಿಸಿಕೊಳ್ಳತೊಡಗುವುದು ಜಾಣತನ.

ಕಿಡ್ನಿ ಮಾರುವುದು, ಕೊಳ್ಳುವುದು, ಅದಕ್ಕೆ ದಲ್ಲಾಳಿಯಾಗುವುದು ಎಲ್ಲವೂ ಅಪರಾಧ. ಶಿಕ್ಷೆ 5ರಿಂದ 10 ವರ್ಷ ಜೈಲು, ಜತೆಗೆ 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಸಾಲದಲ್ಲಿ ಮುಳುಗಿದವರನ್ನು ಹುಡುಕಿ ಬರುವ ದಲ್ಲಾಳಿ ಕಾನೂನಿನ ಈ ಭಾಗವನ್ನು ಹೇಳುವುದಿಲ್ಲ.

ಭಾರತದಲ್ಲಿ ಬದುಕಿರುವ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು: ತಾಯಿ, ಹೆಂಡತಿ, ಅಕ್ಕ. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಇದನ್ನು ಬರೀ ತ್ಯಾಗ ಎಂದು ಹೊಗಳಿ ಮುಂದೆ ಹೋಗುವಂತಿಲ್ಲ. ದಾನಿ ಮಹಿಳೆಯಾದರೆ ಆಕೆಯ ಗುರುತನ್ನೂ ಸ್ವತಂತ್ರ ಒಪ್ಪಿಗೆಯನ್ನೂ ರೋಗಿಯಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು ಎಂದು 2014ರ ನಿಯಮಗಳಲ್ಲೇ ಬರೆದಿರುವುದಕ್ಕೆ ಕಾರಣವಿದೆ. ದಾನಿ ಕೊನೆಯ ಗಳಿಗೆಯಲ್ಲೂ ಬೇಡವೆನ್ನಬಹುದು.

ದಾನಿಯ ತಪಾಸಣೆ ರೋಗಿಯದಕ್ಕಿಂತ ಬಿಗಿಯಾಗಿರಬೇಕು, ಏಕೆಂದರೆ ಆಪರೇಷನ್ನಿನಿಂದ ದಾನಿಯ ದೇಹಕ್ಕೆ ಯಾವ ಲಾಭವೂ ಇಲ್ಲ. ಸಕ್ಕರೆ, ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ನೋಡುತ್ತಾರೆ. ಎರಡು ಕಿಡ್ನಿಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದು ಸ್ಕ್ಯಾನ್ ಮಾಡುತ್ತಾರೆ. ಎರಡರಲ್ಲಿ ಉತ್ತಮವಾದದ್ದನ್ನು ದಾನಿಗೇ ಉಳಿಸುವುದು ನಿಯಮ. ದಾನದ ಬಳಿಕ ದಾನಿಯೂ ವರ್ಷಕ್ಕೊಮ್ಮೆ ಬಿ.ಪಿ., ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಮಾಡಿಸಬೇಕು. ಮಗನ ಮಾತ್ರೆಗೆ ಲೆಕ್ಕ ಇಡುವ ಮನೆಗಳಲ್ಲಿ ತಾಯಿಯ ಬಿ.ಪಿ. ಯಾರ ನೆನಪಿಗೂ ಬರುವುದಿಲ್ಲ.

ಬದುಕಿರುವ ದಾನಿ ಇಲ್ಲದವರು ಮಿದುಳು ನಿಷ್ಕ್ರಿಯಗೊಂಡವರ ಕಿಡ್ನಿಗಾಗಿ ಕಾಯಬೇಕು. ಕರ್ನಾಟಕದಲ್ಲಿ ಈ ಹಂಚಿಕೆಯ ಹೊಣೆ ಜೀವಸಾರ್ಥಕತೆ ಸಂಸ್ಥೆಯದು. ರೋಗಿ ತಾನು ಕಸಿ ಮಾಡಿಸಿಕೊಳ್ಳುವ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು. ಪಟ್ಟಿ ರಕ್ತದ ಗುಂಪಿನ ಪ್ರಕಾರ ಇರುತ್ತದೆ. ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, ವೆಂಟಿಲೇಟರ್ ಬಿಡಿಸಿದಾಗ ತಾನಾಗಿ ಉಸಿರು ಬರುತ್ತಿಲ್ಲವೆಂದು ಖಚಿತಪಡಿಸಿದ ಮೇಲಷ್ಟೇ ಮಿದುಳು ಸತ್ತಿದೆ ಎಂದು ಘೋಷಿಸುತ್ತಾರೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ದಾನ ಮಾಡಿದರು. ಅವುಗಳಲ್ಲಿ ಕಿಡ್ನಿಗಳೂ ಇದ್ದವು. ಅದೇ ವರ್ಷದ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ಮಾತ್ರ ದಾನ ಮಾಡಲಾಯಿತು. ಹೃದಯ ನಿಂತರೆ ಕಿಡ್ನಿಗೆ ರಕ್ತ ನಿಂತು ಅದು ಬೇಗ ಕೆಡುತ್ತದೆ. ಕಣ್ಣಿನ ಪಾರದರ್ಶಕ ಪೊರೆಗೆ ಆ ತೊಂದರೆಯಿಲ್ಲ. ಆದ್ದರಿಂದಲೇ ಮನೆಯಲ್ಲಿ ಸತ್ತವರಿಂದ ಕಣ್ಣು ಪಡೆಯಬಹುದು, ಕಿಡ್ನಿ ಪಡೆಯಲಾಗದು.

ಹೊಂದಾಣಿಕೆ

ಹೊಂದಾಣಿಕೆಗೆ ಮೂರು ಮೆಟ್ಟಿಲು. ಮೊದಲನೆಯದು ರಕ್ತದ ಗುಂಪು. ರಕ್ತ ಕೊಡುವಾಗಿನ ನಿಯಮವೇ ಇಲ್ಲೂ: ಓ ಗುಂಪಿನವರು ಯಾರಿಗೂ ಕೊಡಬಹುದು, ಎಬಿ ಗುಂಪಿನವರು ಯಾರಿಂದಲೂ ಪಡೆಯಬಹುದು. ಪಾಸಿಟಿವ್, ನೆಗೆಟಿವ್ ಎಂಬ ಭೇದ ಕಿಡ್ನಿಗೆ ಲೆಕ್ಕಕ್ಕಿಲ್ಲ. ಇದು ಗೊತ್ತಿಲ್ಲದೆ ಒಳ್ಳೆಯ ದಾನಿಯನ್ನು ಮನೆಯವರೇ ಕೈಬಿಡುವುದುಂಟು. ಗುಂಪು ಹೊಂದದಿದ್ದರೂ ರಕ್ತದಿಂದ ಪ್ರತಿಕಾಯಗಳನ್ನು ತೆಗೆದು ಕಸಿ ಮಾಡುವ ವಿಧಾನವಿದೆ, ಅದರ ವೆಚ್ಚವೂ ಸೋಂಕಿನ ಅಪಾಯವೂ ಹೆಚ್ಚು. ಹೀಗೆ ಹೊಂದದ ಎರಡು ಕುಟುಂಬಗಳು ಪರಸ್ಪರ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಎರಡನೆಯದು ಎಚ್‌ಎಲ್‌ಎ. ಜೀವಕೋಶಗಳ ಮೇಲಿರುವ ಈ ಪ್ರೋಟೀನುಗಳನ್ನು ನೋಡಿಯೇ ದೇಹ ತನ್ನದು ಯಾವುದು, ಹೊರಗಿನದು ಯಾವುದು ಎಂದು ತೀರ್ಮಾನಿಸುತ್ತದೆ. ಎ, ಬಿ, ಡಿಆರ್ ಎಂಬ ಮೂರು ಬಗೆಯಲ್ಲಿ ತಂದೆಯಿಂದ ಒಂದು ಕಟ್ಟು, ತಾಯಿಯಿಂದ ಒಂದು ಕಟ್ಟು ಬರುವುದರಿಂದ ಒಟ್ಟು ಆರು. ತಂದೆ ತಾಯಿಯೊಂದಿಗೆ ಅರ್ಧ, ಅಂದರೆ ಕನಿಷ್ಠ ಮೂರು ಹೊಂದಿಯೇ ತೀರುತ್ತವೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ಶೇ 25, ಅರ್ಧ ಹೊಂದುವುದು ಶೇ 50, ಏನೂ ಹೊಂದದಿರುವುದು ಶೇ 25. ಗಂಡ ಹೆಂಡಿರಲ್ಲಿ ಸಾಮಾನ್ಯವಾಗಿ ಹೊಂದಾಣಿಕೆ ಇರುವುದಿಲ್ಲ. ಆದರೆ ಈ ಸೀಮೆಯಲ್ಲಿ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ರೂಢಿ ಇರುವುದರಿಂದ ಈ ಲೆಕ್ಕ ಬದಲಾಗುತ್ತದೆ. ಸೋದರಮಾವ ಮತ್ತು ಸೊಸೆ ಒಂದೇ ಕಟ್ಟನ್ನು ಹಂಚಿಕೊಂಡಿರುವ ಸಾಧ್ಯತೆ ಸುಮಾರು ಅರ್ಧ, ಅತ್ತೆ ಮಾವಂದಿರ ಮಕ್ಕಳಾದರೆ ಕಾಲು ಭಾಗ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ರೋಗಿಯ ಕಾಯಿಲೆ ವಂಶದಿಂದ ಬಂದದ್ದಾದರೆ, ಉದಾಹರಣೆಗೆ ಕಿಡ್ನಿಯಲ್ಲಿ ನೀರುಗುಳ್ಳೆ ತುಂಬುವ ರೋಗವಾದರೆ, ಹೆಂಡತಿಯಾದರೂ ರಕ್ತಸಂಬಂಧಿಯೇ ಆದ ದಾನಿಯಲ್ಲಿ ಅದು ಅಡಗಿದೆಯೇ ಎಂದು ಪರೀಕ್ಷಿಸಲೇಬೇಕು.

ಇಂದಿನ ಔಷಧಗಳಿರುವಾಗ ಎಚ್‌ಎಲ್‌ಎ ಒಂದೂ ಹೊಂದದ ದಂಪತಿಗಳ ಕಸಿಯೂ ಚೆನ್ನಾಗಿ ನಿಲ್ಲುತ್ತದೆ. ಕಸಿ ಬೇಡವೆಂದು ನಿಜವಾಗಿ ತಡೆಯುವುದು ಮೂರನೆಯ ಮೆಟ್ಟಿಲಾದ ಕ್ರಾಸ್‌ಮ್ಯಾಚ್. ದಾನಿಯ ಬಿಳಿ ರಕ್ತಕಣಗಳನ್ನು ರೋಗಿಯ ರಕ್ತದ ಸೀರಂ ಜತೆ ಬೆರೆಸಿ ನೋಡುತ್ತಾರೆ. ಕಣಗಳು ಸತ್ತರೆ, ಆ ದಾನಿಯ ವಿರುದ್ಧ ರೋಗಿಯ ರಕ್ತದಲ್ಲಿ ಪ್ರತಿಕಾಯ ಆಗಲೇ ಸಿದ್ಧವಾಗಿದೆ ಎಂದರ್ಥ. ಅಂಥ ಕಿಡ್ನಿಯನ್ನು ಜೋಡಿಸಿದರೆ ನಿಮಿಷಗಳಲ್ಲೇ ನೀಲಿಗಟ್ಟಿ ಹಾಳಾಗಬಹುದು.

ಈ ಪ್ರತಿಕಾಯಗಳು ಬರುವ ದಾರಿ ಮೂರು: ಹಿಂದೆ ಪಡೆದ ರಕ್ತ, ಬಸಿರು, ಹಿಂದಿನ ಕಸಿ. ಡಯಾಲಿಸಿಸ್ ರೋಗಿಗೆ ಹಿಮೋಗ್ಲೋಬಿನ್ ಇಳಿದಾಗ ಬೇಗ ಸುಧಾರಿಸಲೆಂದು ಒಂದು ಬಾಟಲಿ ರಕ್ತ ಹಾಕಿಸುವ ವಾಡಿಕೆ ಊರುಗಳಲ್ಲಿ ಇನ್ನೂ ಇದೆ. ಮುಂದೆ ಕಸಿ ಮಾಡಿಸಿಕೊಳ್ಳಬೇಕೆಂದಿರುವವರಿಗೆ ಇದು ದುಬಾರಿಯಾಗುತ್ತದೆ. ಜೀವಕ್ಕೆ ಅಪಾಯವಿಲ್ಲದಿದ್ದರೆ ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಮತ್ತು ಕಬ್ಬಿಣಾಂಶದಿಂದ ನಿಧಾನವಾಗಿ ಏರಿಸುವುದು ಮೇಲು. ರಕ್ತ ಕೊಡಲೇಬೇಕಾದರೆ ಬಿಳಿಕಣ ಸೋಸಿದ ರಕ್ತ ಕೇಳಬೇಕು. ಮಕ್ಕಳನ್ನು ಹೆತ್ತ ತಾಯಿಗೆ ಗಂಡನಿಂದಲೋ ಮಗನಿಂದಲೋ ಕಿಡ್ನಿ ಬರುವಾಗ ಕ್ರಾಸ್‌ಮ್ಯಾಚನ್ನು ಇನ್ನೂ ಸೂಕ್ಷ್ಮ ವಿಧಾನಗಳಿಂದ ನೋಡುತ್ತಾರೆ, ಏಕೆಂದರೆ ಗಂಡನ ಎಚ್‌ಎಲ್‌ಎಯ ಪರಿಚಯ ಆಕೆಯ ದೇಹಕ್ಕೆ ಬಸಿರಿನಲ್ಲೇ ಆಗಿರುತ್ತದೆ.

ಔಷಧಗಳು ಮಾಡುವ ಕೆಲಸ

ಕಸಿಯ ಸಮಯದಲ್ಲಿ ದೇಹದ ವಿರೋಧವನ್ನು ಜೋರಾಗಿ ಅದುಮಲು ಬಾಸಿಲಿಕ್ಸಿಮ್ಯಾಬ್ ಅಥವಾ ಎಟಿಜಿ ಎಂಬ ಚುಚ್ಚುಮದ್ದು ಕೊಡುವುದುಂಟು. ಆಮೇಲೆ ಹೆಚ್ಚಿನವರಿಗೆ ಮೂರು ಮಾತ್ರೆಗಳು: ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ಕಡೆಯದು ಎಲ್ಲರೂ ಸ್ಟೀರಾಯ್ಡ್ ಎಂದು ಕರೆಯುವ ಮಾತ್ರೆ. ಅದನ್ನು ತಿಂಗಳುಗಳು ಕಳೆದಂತೆ ದಿನಕ್ಕೆ 5 ಮಿಲಿಗ್ರಾಂ ಆಸುಪಾಸಿಗೆ ಇಳಿಸುತ್ತಾರೆ. ಮೈಕೋಫಿನೊಲೇಟ್ ಬಿಳಿಕಣಗಳು ಬೆಳೆಯದಂತೆ ತಡೆಯುತ್ತದೆ; ಭೇದಿ ಅದರ ಸಾಮಾನ್ಯ ತೊಂದರೆ.

ಟ್ಯಾಕ್ರೋಲಿಮಸ್ ಈ ಮೂವರಲ್ಲಿ ಮುಖ್ಯ, ಮತ್ತು ತಂಟೆಕೋರ. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಕಿಡ್ನಿಯನ್ನು ದೇಹ ತಿರಸ್ಕರಿಸುತ್ತದೆ, ಹೆಚ್ಚಾದರೆ ಔಷಧವೇ ಕಿಡ್ನಿಯನ್ನು ಕೆಡಿಸುತ್ತದೆ. ಮೊದಲ ಮೂರು ತಿಂಗಳು ಮಿಲಿಲೀಟರಿಗೆ ಸುಮಾರು 8ರಿಂದ 12 ನ್ಯಾನೋಗ್ರಾಂ, ವರ್ಷ ಕಳೆದ ಮೇಲೆ 5ರಿಂದ 8ರ ಸುತ್ತ ಇರಿಸುವುದು ವಾಡಿಕೆ. ಪ್ರತಿ ಆಸ್ಪತ್ರೆಗೂ ತನ್ನದೇ ಗುರಿ ಇರುತ್ತದೆ. ದಿನಕ್ಕೆರಡು ಸಲದ ಮಾತ್ರೆಯನ್ನು ಹನ್ನೆರಡು ಗಂಟೆ ಅಂತರದಲ್ಲಿ, ಉದಾಹರಣೆಗೆ ಬೆಳಗ್ಗೆ 9, ರಾತ್ರಿ 9ಕ್ಕೆ, ಪ್ರತಿದಿನ ಊಟಕ್ಕೆ ಅದೇ ಅಂತರ ಬಿಟ್ಟು ನುಂಗಬೇಕು.

ಲೆವೆಲ್ ನೋಡಲು ರಕ್ತ ಕೊಡುವುದು ಬೆಳಗಿನ ಮಾತ್ರೆಗೆ ಮುಂಚೆ. ಚನ್ನಪಟ್ಟಣದಿಂದಲೋ ಕನಕಪುರದಿಂದಲೋ ಮುಂಜಾನೆಯ ಬಸ್ಸು ಹಿಡಿಯುವವರು ಎಲ್ಲಿ ಮರೆತುಹೋಗುತ್ತದೋ ಎಂದು ಮಾತ್ರೆ ನುಂಗಿಯೇ ಹೊರಟುಬಿಡುತ್ತಾರೆ. ಆಗ ವರದಿಯಲ್ಲಿ ಲೆವೆಲ್ ಸುಳ್ಳೇ ಹೆಚ್ಚು ಬರುತ್ತದೆ, ವೈದ್ಯರು ಡೋಸ್ ಇಳಿಸುತ್ತಾರೆ, ಮುಂದಿನ ತಿಂಗಳು ಔಷಧ ಸಾಲದೆ ಹೋಗುತ್ತದೆ. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ತಕ್ಷಣ ಅಲ್ಲೇ ನುಂಗುವುದು ಸರಿಯಾದ ಕ್ರಮ. ಅಕಸ್ಮಾತ್ ನುಂಗಿದ್ದರೆ ರಕ್ತ ತೆಗೆಯುವವರಿಗೆ ಹೇಳಿಬಿಡಬೇಕು.

ಒಂದು ಪ್ರಕರಣ

ಮುಂದಿನದು ಒಬ್ಬ ನಿರ್ದಿಷ್ಟ ರೋಗಿಯ ಕಥೆಯಲ್ಲ. ಪದೇ ಪದೇ ಕಾಣುವ ಘಟನೆಗಳನ್ನು ಕೂಡಿಸಿ ಮಾಡಿಕೊಂಡ ಮಾದರಿ. ರಾಮನಗರದಲ್ಲಿ ರೇಷ್ಮೆ ರೀಲಿಂಗ್ ಮಾಡುವ ಮೂವತ್ತನಾಲ್ಕರ ಯುವಕ, ಬಿ ಗುಂಪು. ಐವತ್ತೆಂಟರ ತಾಯಿ, ಓ ಗುಂಪು. ಎಚ್‌ಎಲ್‌ಎ ಆರಕ್ಕೆ ಮೂರು, ಕ್ರಾಸ್‌ಮ್ಯಾಚ್ ನೆಗೆಟಿವ್. ಕಸಿಗೆ ಮುಂಚೆ 9 ಇದ್ದ ಕ್ರಿಯಾಟಿನಿನ್ ಐದನೆಯ ದಿನಕ್ಕೆ 1.2 ಮಿಲಿಗ್ರಾಂಗೆ ಇಳಿಯಿತು. ಆಮೇಲೆ ಪ್ರತಿ ತಿಂಗಳೂ 1.1 ಅಥವಾ 1.2. ಇದು ಆತನ ಸ್ವಂತ ಅಳತೆಗೋಲು. ಮುಂದಿನ ಯಾವ ವರದಿಯನ್ನೂ ಲ್ಯಾಬಿನವರು ಅಚ್ಚು ಹಾಕಿದ ನಾರ್ಮಲ್ ಅಂಕಿಗಲ್ಲ, ಇದಕ್ಕೆ ಹೋಲಿಸಬೇಕು.

ಎಂಟನೆಯ ತಿಂಗಳು ಕೆಮ್ಮು, ಜ್ವರ. ಹತ್ತಿರದ ಕ್ಲಿನಿಕ್ಕಿನಲ್ಲಿ ಕಸಿಯ ವಿಷಯ ಹೇಳಲಿಲ್ಲ, ಕ್ಲಾರಿತ್ರೊಮೈಸಿನ್ ಬರೆದುಕೊಟ್ಟರು. ಜ್ವರವೇನೋ ಬಿಟ್ಟಿತು. ನಾಲ್ಕನೆಯ ದಿನ ಕಾಫಿ ಲೋಟ ಹಿಡಿದರೆ ತುಳುಕುವಷ್ಟು ಕೈ ನಡುಕ. ಪರೀಕ್ಷಿಸಿದಾಗ ಕ್ರಿಯಾಟಿನಿನ್ 1.9, ಟ್ಯಾಕ್ರೋ ಲೆವೆಲ್ 24. ಟ್ಯಾಕ್ರೋಲಿಮಸನ್ನು ಕರಗಿಸುವ ಕಿಣ್ವವನ್ನೇ ಆ ಆಂಟಿಬಯಾಟಿಕ್ ಕಟ್ಟಿಹಾಕಿತ್ತು, ಹಾಗಾಗಿ ನುಂಗಿದ ಔಷಧವೆಲ್ಲ ರಕ್ತದಲ್ಲೇ ಪೇರಿಕೊಂಡಿತ್ತು. ವೈದ್ಯರ ಸಲಹೆಯಂತೆ ಕೆಲವು ಡೋಸು ನಿಲ್ಲಿಸಿ, ಆಂಟಿಬಯಾಟಿಕ್ ಬದಲಿಸಿದ ಮೇಲೆ ವಾರದೊಳಗೆ ಕ್ರಿಯಾಟಿನಿನ್ 1.2ಕ್ಕೆ ಮರಳಿತು.

ಅಲ್ಲಿಗೆ ಮುಗಿಯಲಿಲ್ಲ. ಮಾತ್ರೆಯೇ ಕಿಡ್ನಿ ಕೆಡಿಸುತ್ತದೆ ಎಂದು ಆತ ತಿಳಿದುಕೊಂಡ. ತಿಂಗಳಿಗೆ ಹಲವು ಸಾವಿರ ರೂಪಾಯಿಯ ಖರ್ಚೂ ಕಣ್ಣ ಮುಂದಿತ್ತು. ರಾತ್ರಿಯ ಡೋಸನ್ನು ಆಗಾಗ ಬಿಡತೊಡಗಿದ. ಹದಿನಾಲ್ಕನೆಯ ತಿಂಗಳು ಯಾವ ನೋವೂ ಇಲ್ಲ, ಜ್ವರವಿಲ್ಲ, ಮೂತ್ರ ಎಂದಿನಂತೆ. ಮಾಮೂಲಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7. ಹಿಂದಿನ ಸಲದಂತೆ ಮಾತ್ರೆ ಜಾಸ್ತಿಯಾಗಿದೆ ಎಂದುಕೊಂಡು ಇನ್ನಷ್ಟು ಇಳಿಸಿದ್ದರೆ ಕಿಡ್ನಿ ಕೈಬಿಡುತ್ತಿತ್ತು. ಲೆವೆಲ್ ಈ ಬಾರಿ 2.4. ಬಯಾಪ್ಸಿ ಮಾಡಿದರು: ಹೊಟ್ಟೆಯ ಚರ್ಮವನ್ನು ಮರಗಟ್ಟಿಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಸೂಜಿಯಿಂದ ಕಿಡ್ನಿಯ ದಾರದಷ್ಟು ಚೂರು ತೆಗೆಯುವುದು. ಅದರಲ್ಲಿ ಬಿಳಿಕಣಗಳು ಕಿಡ್ನಿಯ ನಳಿಕೆಗಳಿಗೆ ನುಗ್ಗಿದ್ದವು. ಮೂರು ದಿನ ದಿನಕ್ಕೆ 500 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್‌ನಲ್ಲಿ ಕೊಟ್ಟು, ಟ್ಯಾಕ್ರೋಲಿಮಸ್ ಮತ್ತೆ ಸರಿದೂಗಿಸಿದರು. ಕ್ರಿಯಾಟಿನಿನ್ 1.4ಕ್ಕೆ ನಿಂತಿತು. ಹಳೆಯ 1.2 ಮತ್ತೆ ಬರಲಿಲ್ಲ.

ಎರಡು ಸಲವೂ ಏರಿದ್ದು ಅದೇ ಕ್ರಿಯಾಟಿನಿನ್. ಕಾರಣ ಒಂದಕ್ಕೊಂದು ವಿರುದ್ಧ, ಚಿಕಿತ್ಸೆಯೂ ವಿರುದ್ಧ. ಅದಕ್ಕೇ ಅಂಕಿ ಏರಿದಾಗ ಮಾತ್ರೆಯನ್ನು ತಾವಾಗಿ ಕೂಡಿಸುವುದೂ ಕಳೆಯುವುದೂ ಕೂಡದು.

ತಿರಸ್ಕಾರದ ಗುರುತುಗಳು

ರೋಗಿಗಳೂ ವೈದ್ಯರೂ ರಿಜೆಕ್ಷನ್ ಎಂದೇ ಕರೆಯುವ ಈ ತಿರಸ್ಕಾರ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಔಷಧ ತಪ್ಪಿದರೆ ಹತ್ತು ವರ್ಷದ ಮೇಲೂ ಬರಬಹುದು. ಹಳೆಯ ಪುಸ್ತಕಗಳು ಹೇಳುವ ಲಕ್ಷಣಗಳು ಇವು: ಜ್ವರ, ಕಿಡ್ನಿ ಕೂರಿಸಿದ ಜಾಗ ಮುಟ್ಟಿದರೆ ನೋವು, ಮೂತ್ರ ಕಡಿಮೆಯಾಗುವುದು, ಒಂದೆರಡು ದಿನದಲ್ಲಿ ಒಂದೆರಡು ಕಿಲೋ ತೂಕ ಏರುವುದು, ಪಾದ ಮತ್ತು ಮುಖದ ಊತ, ಬಿ.ಪಿ. ಏರಿಕೆ. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಕಸಿ ಆಸ್ಪತ್ರೆಗೆ ಫೋನ್ ಮಾಡಬೇಕು. ಆದರೆ ಈಗಿನ ಔಷಧಗಳು ಲಕ್ಷಣಗಳನ್ನೂ ಮುಚ್ಚಿಡುವುದರಿಂದ ಹೆಚ್ಚಿನ ತಿರಸ್ಕಾರಗಳು ಸದ್ದಿಲ್ಲದೆ ಬರುತ್ತವೆ. ತಮ್ಮ ಅಳತೆಗೋಲಿಗಿಂತ ಕ್ರಿಯಾಟಿನಿನ್ ಶೇ 20ರಿಂದ 25ರಷ್ಟು ಏರಿದರೆ ಅದೇ ಲಕ್ಷಣ. 1.0 ಇದ್ದದ್ದು 1.3 ಆಗಿ, ವರದಿಯಲ್ಲಿ ನಾರ್ಮಲ್ ಎಂದೇ ಬರೆದಿದ್ದರೂ ಅದು ನಾರ್ಮಲ್ ಅಲ್ಲ.

ಏರಿಕೆಯೆಲ್ಲ ತಿರಸ್ಕಾರವೂ ಅಲ್ಲ. ವಾಂತಿ ಭೇದಿಯಿಂದ ನೀರು ಕಡಿಮೆಯಾಗಿರಬಹುದು, ಮೂತ್ರನಾಳ ಕಟ್ಟಿರಬಹುದು, ಮೂತ್ರದ ಸೋಂಕಿರಬಹುದು, ಬಿಕೆ ಎಂಬ ವೈರಸ್ ಕಿಡ್ನಿಗೆ ಹತ್ತಿರಬಹುದು. ಈ ವೈರಸ್ಸಿಗೆ ಔಷಧ ಇಳಿಸಬೇಕು, ತಿರಸ್ಕಾರಕ್ಕೆ ಏರಿಸಬೇಕು. ಬಯಾಪ್ಸಿ ಬೇಡವೆಂದು ಹಟ ಹಿಡಿಯುವವರು ವೈದ್ಯರನ್ನು ಕತ್ತಲಲ್ಲಿ ತಡಕಾಡಿಸುತ್ತಾರೆ. ಪ್ರತಿಕಾಯಗಳಿಂದ ಆಗುವ ತಿರಸ್ಕಾರ ಬೇರೆಯದೇ ಬಗೆ. ಅದಕ್ಕೆ ಸ್ಟೀರಾಯ್ಡ್ ಸಾಲದೆ ಪ್ಲಾಸ್ಮಾ ಬದಲಾವಣೆ ಮತ್ತು ಐವಿಐಜಿ ಬೇಕಾಗುತ್ತದೆ, ಫಲ ಅಷ್ಟು ಖಚಿತವಲ್ಲ. ವರ್ಷಗಟ್ಟಲೆ ನಿಧಾನವಾಗಿ ಕಿಡ್ನಿ ಗಾಯಗಟ್ಟುವ ದೀರ್ಘಕಾಲದ ತಿರಸ್ಕಾರಕ್ಕೆ ಇನ್ನೂ ಸರಿಯಾದ ಮದ್ದಿಲ್ಲ.

ಊರಿನಲ್ಲಿರುವಾಗ

ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸಲು ಹೋದರೂ, ಮೊದಲು ಹೇಳಬೇಕಾದ ಮಾತು ಕಸಿಯಾಗಿದೆ ಎಂಬುದು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕಿಡ್ನಿಗೆ ಹೋಗುವ ರಕ್ತವನ್ನೇ ಕುಗ್ಗಿಸುತ್ತವೆ, ಪ್ಯಾರಾಸಿಟಮಾಲ್ ಆದೀತು. ಫಂಗಸ್ಸಿನ ಮಾತ್ರೆ ಫ್ಲುಕೊನಜೋಲ್ ಲೆವೆಲ್ ಏರಿಸುತ್ತದೆ. ಫಿಟ್ಸಿನ ಫೆನಿಟಾಯಿನ್ ಇಳಿಸುತ್ತದೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕ್ಷಯದ ಔಷಧದಲ್ಲಿ. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಸಂಯುಕ್ತ ಮಾತ್ರೆಯಲ್ಲಿ ರಿಫಾಂಪಿಸಿನ್ ಇರುತ್ತದೆ, ಅದು ಟ್ಯಾಕ್ರೋಲಿಮಸ್ ಪ್ರಮಾಣವನ್ನು ಪಾತಾಳಕ್ಕೆ ಇಳಿಸುತ್ತದೆ. ಕಸಿಯಾದವರಿಗೆ ಕ್ಷಯ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚಾದ್ದರಿಂದ ಇದು ದೂರದ ಮಾತಲ್ಲ. ಮಾತ್ರೆ ಶುರು ಮಾಡುವ ಮುಂಚೆಯೇ ಕಸಿ ವೈದ್ಯರಿಗೆ ತಿಳಿಸಿದರೆ ರಿಫಾಂಪಿಸಿನ್ ಇಲ್ಲದ ಕ್ರಮವನ್ನೋ, ಡೋಸ್ ಹಲವು ಪಟ್ಟು ಏರಿಸಿ ಲೆವೆಲ್ ನೋಡುತ್ತ ಹೋಗುವ ಕ್ರಮವನ್ನೋ ಅವರು ಆರಿಸುತ್ತಾರೆ.

ಬೆಂಗಳೂರಿನ ಆಚೆ ಬದಿಯ ದೇವನಹಳ್ಳಿಯಿಂದ ಮಾರುಕಟ್ಟೆಗೆ ಬರುವ ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಲೆವೆಲ್ ಏರಿಸಬಲ್ಲದು, ಅದನ್ನು ಬಿಡಬೇಕು. ಅಮೃತಬಳ್ಳಿಯ ಕಷಾಯ, ಅಶ್ವಗಂಧದಂಥವು ಯಾವ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತವೆಂದು ಹೊಗಳಿಸಿಕೊಳ್ಳುತ್ತವೋ ಅದನ್ನೇ ಇಲ್ಲಿ ಮಾತ್ರೆ ಹಾಕಿ ಅದುಮಿರುತ್ತಾರೆ. ನಾಟಿ ಮದ್ದಿಗೆ ಬಳಸುವ ಈಶ್ವರಿ ಬಳ್ಳಿಯಲ್ಲಿ ಕಿಡ್ನಿಯನ್ನು ನೇರವಾಗಿ ಕೊಲ್ಲುವ ಆಮ್ಲವಿದೆ. ಭೇದಿಯಾದಾಗ ಟ್ಯಾಕ್ರೋಲಿಮಸ್ ಕಡಿಮೆಯಾಗುತ್ತದೆಂದು ಜನ ಊಹಿಸುತ್ತಾರೆ. ಸಾಮಾನ್ಯವಾಗಿ ಆಗುವುದು ತದ್ವಿರುದ್ಧ, ಲೆವೆಲ್ ಏರುತ್ತದೆ. ಮರೆತ ಡೋಸು ಒಂದೆರಡು ಗಂಟೆಯೊಳಗೆ ನೆನಪಾದರೆ ನುಂಗಬಹುದು. ಮುಂದಿನ ಡೋಸಿನ ಹೊತ್ತಾಗಿದ್ದರೆ ಎರಡನ್ನೂ ಸೇರಿಸಿ ನುಂಗಬಾರದು. ಔಷಧದಂಗಡಿಯವರು ಅದೇ ಮಾತ್ರೆ ಎಂದು ಬೇರೆ ಕಂಪನಿಯದನ್ನು ಕೊಟ್ಟರೆ ವೈದ್ಯರನ್ನು ಕೇಳಿ, ಲೆವೆಲ್ ನೋಡಿಸಿಕೊಂಡೇ ಬದಲಿಸಬೇಕು. ದಿನಕ್ಕೊಂದರ ಮಾತ್ರೆಯನ್ನೂ ದಿನಕ್ಕೆರಡರ ಮಾತ್ರೆಯನ್ನೂ ಒಂದರ ಬದಲು ಇನ್ನೊಂದು ಎಂದು ಬಳಸುವಂತಿಲ್ಲ.

ಊಟದಲ್ಲಿ ಬಿಸಿಮುದ್ದೆ, ಬಿಸಿ ಸಾರಿಗೆ ಭಯವಿಲ್ಲ. ಮದುವೆ ಮನೆಯ ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಕಾಯಿಸದ ಹಾಲು ಬೇಡ. ಟ್ಯಾಕ್ರೋಲಿಮಸ್ ಪೊಟ್ಯಾಸಿಯಂ ಏರಿಸುವುದರಿಂದ ಎಳನೀರನ್ನು ವರದಿ ನೋಡಿ ಕುಡಿಯಬೇಕು. ರೀಲಿಂಗ್ ಮಾಡುವವರ ಬೆರಳುಗಳು ಸದಾ ಬಿಸಿನೀರಿನಲ್ಲಿ ನೆಂದು ಬಿರಿಯುತ್ತವೆ. ಬಿರುಕಿನಿಂದ ಸೋಂಕು ಒಳಹೊಗುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸದ ಮರದ ಹೊಟ್ಟು, ಹುಳುಮನೆಯ ಕಸ, ಗೊಬ್ಬರದ ಗುಂಡಿ ಇವುಗಳಿಂದ ಫಂಗಸ್ ಶ್ವಾಸಕೋಶ ಸೇರಬಹುದು. ಮೊದಲ ಆರು ತಿಂಗಳು ಇಂಥ ಕೆಲಸದಿಂದ ದೂರವಿದ್ದು, ಆಮೇಲೆ ಮಾಸ್ಕು ಗ್ಲೌಸು ಹಾಕಿಕೊಂಡು ಶುರು ಮಾಡುವುದು ಒಳ್ಳೆಯದು. ಜೀವಂತ ರೋಗಾಣುವಿನ ಲಸಿಕೆಗಳನ್ನು ಕಸಿಯಾದವರಿಗೆ ಹಾಕುವುದಿಲ್ಲ. ಮನೆಯ ಮಗುವಿಗೆ ಪೋಲಿಯೊ ಹನಿ ಹಾಕಿಸಿದರೆ ಕೆಲವು ವಾರ ಮಗುವಿನ ಮಲದಲ್ಲಿ ವೈರಸ್ ಇರುವುದರಿಂದ ಅದನ್ನು ತೊಳೆಯುವ ಕೆಲಸ ಬೇರೆಯವರದಾಗಬೇಕು.

ಮಗು ಬೇಕೆನ್ನುವ ಮಹಿಳೆಯರು ಕಸಿಯಾಗಿ ಕನಿಷ್ಠ ಒಂದು ವರ್ಷ ಕಾಯಬೇಕು. ಮೈಕೋಫಿನೊಲೇಟ್ ಭ್ರೂಣಕ್ಕೆ ಅಂಗವೈಕಲ್ಯ ತರುವುದರಿಂದ ಗರ್ಭ ಧರಿಸುವುದಕ್ಕೆ ಕನಿಷ್ಠ ಆರು ವಾರ ಮುಂಚೆ ಅದನ್ನು ವೈದ್ಯರ ಮೂಲಕ ಅಜಥಯೊಪ್ರಿನ್‌ಗೆ ಬದಲಿಸಬೇಕು.

ಬಡತನ ರೇಖೆಗಿಂತ ಕೆಳಗಿರುವವರ ಕಸಿಗೆ ರಾಜ್ಯ ಸರ್ಕಾರದ ನೆರವು ಇದೆ. ಔಷಧದ ಖರ್ಚು ಮಾತ್ರ ಕಿಡ್ನಿ ಇರುವವರೆಗೂ ಇರುತ್ತದೆ, ಆದ್ದರಿಂದ ಆಪರೇಷನ್ನಿಗೆ ಹಣ ಹೊಂದಿಸುವಾಗಲೇ ಮಾತ್ರೆಗೆ ತಿಂಗಳಿಗೆಷ್ಟು ಎಂಬ ಲೆಕ್ಕ ಹಾಕಬೇಕು. ಬದುಕಿರುವವರು ಕೊಟ್ಟ ಕಿಡ್ನಿ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ, ಮೃತ ದಾನಿಯದು ಹತ್ತು ಹನ್ನೆರಡು ವರ್ಷ ಕೆಲಸ ಮಾಡುತ್ತದೆ. ಅದು ನಿಂತಾಗ ಮತ್ತೆ ಡಯಾಲಿಸಿಸ್, ಸಾಧ್ಯವಾದರೆ ಎರಡನೆಯ ಕಸಿ. ಹಾಗೆ ನಿಂತ ಮೇಲೂ ಮಾತ್ರೆಗಳನ್ನು ಒಮ್ಮೆಗೇ ಬಿಡಬಾರದು. ಒಳಗಿರುವ ಹಳೆಯ ಕಸಿಯ ವಿರುದ್ಧ ದೇಹ ಪ್ರತಿಕಾಯಗಳನ್ನು ತಯಾರಿಸಿಕೊಂಡರೆ ಮುಂದಿನ ದಾನಿಯೊಂದಿಗೆ ಕ್ರಾಸ್‌ಮ್ಯಾಚ್ ಪಾಸಿಟಿವ್ ಬರುತ್ತದೆ.